ತಾಮ್ರವನ್ನು ಕಬ್ಬಿಣ ಎಂದೆ, ಕಬ್ಬಿಣವನ್ನು ತಾಮ್ರ ಎಂದೆ

ಎರಡು ಬಿಂದಿಗೆಗಳ ಫೋಟೋಗಳು ಈಗಲೂ ನನ್ನ ಫೋನಿನಲ್ಲಿವೆ. ಒಂದು ನಮ್ಮ ಅತ್ತಿಗೆಯ ತವರಿನಿಂದ ಬಂದದ್ದು, ಮದುವೆಯಲ್ಲಿ ಅವರ ತಾಯಿ ಕೊಟ್ಟದ್ದು. ಇನ್ನೊಂದು ದಾವಣಗೆರೆಯ ಒಂದು ಪಾತ್ರೆ ಅಂಗಡಿಯಲ್ಲಿ ಹೊಸದಾಗಿ ಜೋಡಿಸಿಟ್ಟದ್ದು. ಹೊಸ ಮನೆಯ ಗೃಹಪ್ರವೇಶಕ್ಕೆ ಮುಂಚೆ ಹಳೆಯದನ್ನು ತೂಕಕ್ಕೆ ಹಾಕಿ ಹೊಸದನ್ನು ತೆಗೆದುಕೊಳ್ಳಬಹುದೇ ಎಂದು ಅತ್ತಿಗೆ ಕೇಳಿದ್ದರು. ‘ನಮ್ಮದು ನಿಜವಾದ ತಾಮ್ರವೋ ಅಲ್ಲವೋ, ಅಂಗಡಿಯದು ಶುದ್ಧವೋ ಅಲ್ಲವೋ, ಎರಡನ್ನೂ ನೋಡಿ ಹೇಳು. ನನಗೆ ಇದರಲ್ಲಿ ಏನೂ ತಿಳಿಯೋದಿಲ್ಲ’ ಎಂದಿದ್ದರು. ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳೆಂದು ನಮ್ಮ ಮನೆಯಲ್ಲಿ ಲೋಹ, ಸೋಪು, ಉಪ್ಪು, ಎಲ್ಲದಕ್ಕೂ ನನ್ನ ಮಾತೇ ಕೊನೆಯ ಮಾತು. ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಹಳೆಯದು ಕಬ್ಬಿಣದ ಮೇಲೆ ತಾಮ್ರದ ಲೇಪ, ಹೊಸದು ಅಪ್ಪಟ ತಾಮ್ರ ಎಂದು ಬರೆದು ಕಳಿಸಿದೆ. ಎರಡೂ ತಪ್ಪಾಗಿತ್ತು.

ಅತ್ತಿಗೆ ನನ್ನ ಮಾತು ನಂಬಿದರು. ಅಂಗಡಿಯವರು ಹಳೆಯ ಬಿಂದಿಗೆಯನ್ನು ‘ಮಿಶ್ರ ಲೋಹ’ ಎಂದು ಹೇಳಿ ತೀರ ಕಡಿಮೆ ದರಕ್ಕೆ ಹಿಡಿದಾಗಲೂ ಅವರು ಚೌಕಾಸಿ ಮಾಡಲಿಲ್ಲ. ಕಬ್ಬಿಣವೆಂದು ಮೊದಲೇ ನಾನು ಹೇಳಿದ್ದೆನಲ್ಲ. ಆ ಬಿಂದಿಗೆ ಗುಜರಿಗೆ ಹೋಗಿ, ಅಲ್ಲಿಂದ ಕರಗಿಸುವ ಕುಲುಮೆಗೆ ಹೋಯಿತು. ಅದನ್ನು ಮರಳಿ ತರಲು ಆಗುವುದಿಲ್ಲ. ಇಲ್ಲಿ ನಾನು ಬರೆಯುತ್ತಿರುವುದು ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಅಲ್ಲ. ಅದೇ ಫೋಟೋಗಳನ್ನು ಈಗ ನೋಡಿದರೆ ಸತ್ಯವೆಲ್ಲ ಅವುಗಳಲ್ಲೇ ಇತ್ತು ಎಂಬುದು ಕಾಣುತ್ತದೆ. ಯಾವ ಗುರುತನ್ನು ನಾನು ಉಲ್ಟಾ ಓದಿದೆ ಎಂದು ಹೇಳಿದರೆ ಮತ್ತೊಬ್ಬರ ಮನೆಯ ಪಾತ್ರೆಯಾದರೂ ಉಳಿದೀತು.

ತಪ್ಪು ಹೊರಬಿದ್ದದ್ದು ಹುಣಸೆಹಣ್ಣಿನಿಂದ. ಅತ್ತಿಗೆ ಹೊಸ ಬಿಂದಿಗೆಯನ್ನು ಹಬ್ಬ ಹುಣ್ಣಿಮೆಗೆಲ್ಲ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದರು. ಕೆಲವು ತಿಂಗಳಲ್ಲಿ ತಳದ ಅಂಚಿನಲ್ಲಿ, ನೆಲಕ್ಕೆ ತಾಗುವ ಕಡೆ, ಕಂದು ಚುಕ್ಕಿಗಳು ಕಾಣಿಸಿದವು. ತಿಕ್ಕಿದರೆ ಹೋಗುತ್ತಿದ್ದವು, ಮರುದಿನ ಅದೇ ಜಾಗದಲ್ಲಿ ಮೂಡುತ್ತಿದ್ದವು. ತಾಮ್ರವೂ ಕಂದಾಗುತ್ತದೆ, ಆದರೆ ಅದು ಮೈಯೆಲ್ಲ ಒಂದೇ ಸಮನಾಗಿ ಮಾಸುತ್ತದೆ. ಹುಣಸೆಹಣ್ಣು ತಾಗಿದ ಕೂಡಲೇ ಆ ಆಕ್ಸೈಡು ಕರಗಿ ಕೆಂಪು ಮೈ ಹೊರಬರುತ್ತದೆ. ಒಂದೇ ಚುಕ್ಕಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದರೆ, ಬೆರಳಿಗೆ ಪುಡಿಯಾಗಿ ಅಂಟಿದರೆ, ಅದು ಕಬ್ಬಿಣದ ತುಕ್ಕು. ಲೇಪದಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು. ಒದ್ದೆಯಾದಾಗ ತಾಮ್ರವೂ ಕಬ್ಬಿಣವೂ ಸೇರಿ ಒಂದು ಪುಟ್ಟ ವಿದ್ಯುತ್ ಕೋಶವಾಗುತ್ತವೆ. ತಾಮ್ರ ಉಳಿಯುತ್ತದೆ, ಕಬ್ಬಿಣ ಬೇಗ ಬೇಗ ಕರಗುತ್ತದೆ. ಈ ಪಾಠವನ್ನು ನಾನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವಳು. ತಳದ ಫೋಟೋ ಬಂದಾಗ ಒಂದು ನೋಟಕ್ಕೇ ಅರ್ಥವಾಯಿತು.

ಅರ್ಥವಾಗದೆ ಉಳಿದದ್ದು ಹಳೆಯದರ ವಿಷಯ. ಹೊಸದರ ಬಗ್ಗೆ ತಪ್ಪಿದವಳು ಹಳೆಯದರ ಬಗ್ಗೆ ಸರಿಯಾಗಿ ಹೇಳಿದ್ದೆನೇ? ನಮ್ಮೂರಿನಲ್ಲಿ ಕಲಾಯಿ ಹಾಕುವ, ಒಡೆದ ಪಾತ್ರೆಗೆ ಬೆಸುಗೆ ಹಾಕುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಕಲಾಯಿ ಸಾಬರು ಎನ್ನುತ್ತಾರೆ. ಫೋನು ತೆಗೆದುಕೊಂಡು ಅವರ ಹತ್ತಿರ ಹೋದೆ. ಹಳೆಯ ಬಿಂದಿಗೆಯ ಹೊಟ್ಟೆಯ ಸುತ್ತ ಒಂದು ಹಳದಿ ಗೆರೆ ಇತ್ತು. ನೇರ ಗೆರೆಯಲ್ಲ, ಹಲ್ಲು ಹಲ್ಲಾಗಿ ಮೇಲೆ ಕೆಳಗೆ ಹೋಗುವ ಗೆರೆ. ಅದನ್ನು ತೋರಿಸಿ, ‘ತಾಮ್ರದ ಪಾತ್ರೆಯಲ್ಲಿ ಹಳದಿ ಯಾಕೆ ಬಂತು? ಮೇಲಿನ ಲೇಪ ಕಿತ್ತು ಒಳಗಿನದು ಕಾಣಿಸುತ್ತಿದೆ ಅಂದುಕೊಂಡೆ’ ಎಂದೆ.

‘ಅಯ್ಯೋ ಟೀಚರಮ್ಮ, ಇದು ಬೆಸುಗೆ’ ಎಂದರು ಸಾಬರು. ‘ತಾಮ್ರಕ್ಕೆ ತಾಮ್ರವನ್ನೇ ಕರಗಿಸಿ ಹಚ್ಚೋಕೆ ಹೋದರೆ ಪಾತ್ರೇನೇ ಕರಗಿಬಿಡುತ್ತೆ. ಅದಕ್ಕಿಂತ ಮೊದಲೇ ಕರಗೋ ಹಿತ್ತಾಳೆ ಪುಡಿ ಬೇಕು, ಜೊತೆಗೆ ಬಿಳಿಗಾರ. ಹಳೇ ತಾಮ್ರದ ಕೊಡಕ್ಕೆಲ್ಲ ಹೊಟ್ಟೆ ಮೇಲೆ ಈ ಗೆರೆ ಇರುತ್ತೆ.’

ಅವರು ಹೇಳಿದ ಕೆಲಸದ ಕ್ರಮ ಹೀಗೆ. ಬಿಂದಿಗೆಯ ಬಾಯಿ ಕಿರಿದು, ಹೊಟ್ಟೆ ಅಗಲ. ಒಂದೇ ತಗಡಿನಿಂದ ಬಡಿದು ಇಡೀ ಆಕಾರ ತರುವುದು ಬಹಳ ಕಷ್ಟ. ಆದ್ದರಿಂದ ಕೆಳಗಿನ ಬೋಗುಣಿಯಂಥ ಭಾಗವನ್ನು ಬೇರೆ, ಮೇಲಿನ ಹೆಗಲು ಮತ್ತು ಕಂಠವನ್ನು ಬೇರೆ ಬಡಿಯುತ್ತಾರೆ. ಒಂದು ಭಾಗದ ಅಂಚಿನಲ್ಲಿ ಕತ್ತರಿಯಿಂದ ಹಲ್ಲು ಕತ್ತರಿಸಿ, ಒಂದು ಹಲ್ಲನ್ನು ಹೊರಗೆ ಒಂದನ್ನು ಒಳಗೆ ಬಗ್ಗಿಸಿ, ಇನ್ನೊಂದು ಭಾಗದ ಅಂಚನ್ನು ಅವುಗಳ ನಡುವೆ ಕೂರಿಸುತ್ತಾರೆ. ಹಿತ್ತಾಳೆ ಪುಡಿಗೆ ಬಿಳಿಗಾರ ಬೆರೆಸಿ ನೀರಿನಲ್ಲಿ ಕಲಸಿ ಕೂಡಿಗೆಗೆ ಹಚ್ಚಿ ಕುಲುಮೆಯ ಕೆಂಡದ ಮೇಲೆ ತಿರುಗಿಸುತ್ತಾರೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸತು ಹೆಚ್ಚಿರುವ ಬೆಸುಗೆಯ ಹಿತ್ತಾಳೆ ಸುಮಾರು 900 ಡಿಗ್ರಿಯ ಹತ್ತಿರವೇ ಕರಗಿ ಹಲ್ಲುಗಳ ನಡುವೆ ಹರಿಯುತ್ತದೆ. ಆರಿದ ಮೇಲೆ ಕೂಡಿಗೆಯನ್ನು ಮತ್ತೆ ಬಡಿದು ಸಮ ಮಾಡುತ್ತಾರೆ. ಪಾತ್ರೆ ತಾಮ್ರದ್ದಾದ್ದರಿಂದಲೇ ಆ ಹಿತ್ತಾಳೆ ಹಳದಿಯಾಗಿ ಎದ್ದು ಕಾಣುತ್ತದೆ. ಕಬ್ಬಿಣದ ಪಾತ್ರೆಗೆ ಬೆಸುಗೆ ಹಾಕಿ ಆಮೇಲೆ ತಾಮ್ರದ ಲೇಪ ಕೊಟ್ಟರೆ ಬೆಸುಗೆಯೂ ಲೇಪದ ಕೆಳಗೆ ಮುಚ್ಚಿಹೋಗುತ್ತದೆ, ಗೆರೆಗೂ ಮೈಗೂ ಒಂದೇ ಬಣ್ಣ ಬರುತ್ತದೆ. ನಾನು ನಕಲಿಗೆ ಸಾಕ್ಷಿ ಎಂದುಕೊಂಡಿದ್ದ ಹಳದಿ ಗೆರೆಯೇ ಅಸಲಿಗೆ ಸಾಕ್ಷಿಯಾಗಿತ್ತು.

ಹೊಸ ಬಿಂದಿಗೆಯ ಫೋಟೋದಲ್ಲಿ ಎಲ್ಲೂ ಗೆರೆ ಇರಲಿಲ್ಲ. ಅದನ್ನು ನಾನು ಒಳ್ಳೆಯ ಕೆಲಸ ಎಂದು ಮೆಚ್ಚಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಗೆರೆ ಇಲ್ಲದಿರುವುದು ಮೋಸದ ಗುರುತೂ ಅಲ್ಲ. ಈಗ ಲೇತಿನ ಮೇಲೆ ತಗಡನ್ನು ತಿರುಗಿಸುತ್ತಾ ಒತ್ತಿ ಆಕಾರ ತರುತ್ತಾರೆ. ತಾಮ್ರದ ತಂತಿಯನ್ನೇ ಹಾಕಿ ಬೆಸೆಯುವ ಯಂತ್ರಗಳಿವೆ. ಹಾಗೆ ಬೆಸೆದು ಪಾಲಿಶ್ ಮಾಡಿದರೆ ಶುದ್ಧ ತಾಮ್ರದಲ್ಲೂ ಹೊರಗಿನಿಂದ ಕೂಡಿಗೆ ಕಾಣದು. ಆದರೆ ಕಿರಿದಾದ ಬಾಯೊಳಗೆ ಪಾಲಿಶ್ ಚಕ್ರ ಹೋಗುವುದಿಲ್ಲ. ಕೂಡಿಗೆ ಇದ್ದರೆ ಒಳಗಡೆ ಉಬ್ಬಾಗಿಯೋ ಕಪ್ಪು ಪಟ್ಟಿಯಾಗಿಯೋ ಉಳಿದೇ ಇರುತ್ತದೆ. ನಾನು ಕೇಳಬೇಕಾಗಿದ್ದದ್ದು ಒಳಗಿನ ಫೋಟೋ. ಕೇಳಲಿಲ್ಲ.

ಇಷ್ಟಕ್ಕೂ ಹಳೆಯದನ್ನು ಕಬ್ಬಿಣ ಎಂದು ಅಷ್ಟು ಧೈರ್ಯವಾಗಿ ಹೇಳಲು ಹಳದಿ ಗೆರೆಯೊಂದೇ ಕಾರಣವಲ್ಲ. ಅತ್ತಿಗೆಗೆ ಮ್ಯಾಗ್ನೆಟ್ ಇಟ್ಟು ನೋಡಲು ಹೇಳಿದ್ದೆ. ಫ್ರಿಜ್ಜಿನ ಬಾಗಿಲಿನ ಮ್ಯಾಗ್ನೆಟ್ ತೆಗೆದು ಬಿಂದಿಗೆಯ ಬಾಯಿಗೆ ಅಂಟಿಸಿ ಅವರು ಫೋಟೋ ಕಳಿಸಿದರು. ಚೆನ್ನಾಗಿ ಅಂಟಿಕೊಂಡಿತ್ತು. ತಾಮ್ರಕ್ಕೂ ಹಿತ್ತಾಳೆಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಆದ್ದರಿಂದ ಇದು ಕಬ್ಬಿಣ: ನನ್ನ ತರ್ಕ ಅಷ್ಟೇ ಉದ್ದವಿತ್ತು. ಸಾಬರು ಆ ಫೋಟೋ ನೋಡಿ ಬೆರಳಿನಿಂದ ಬಾಯಿಯ ಉರುಳು ಅಂಚನ್ನು ತೋರಿಸಿದರು. ತಗಡಿನ ಅಂಚು ಕೈ ಕೊಯ್ಯಬಾರದು, ಬಿಂದಿಗೆ ಎತ್ತುವಾಗ ಬಾಯಿ ಸೊಟ್ಟಗಾಗಬಾರದು ಎಂದು ಅಂಚನ್ನು ಹೊರಕ್ಕೆ ಸುರುಳಿ ಸುತ್ತುವಾಗ ಒಳಗೆ ಒಂದು ಕಬ್ಬಿಣದ ತಂತಿಯನ್ನು ಇಡುತ್ತಾರೆ. ಮ್ಯಾಗ್ನೆಟ್ ಹಿಡಿದದ್ದು ಆ ತಂತಿಯನ್ನು. ಎರಡು ಬೆರಳಷ್ಟು ಕೆಳಗೆ, ಹೆಗಲ ಮೇಲೆ ಇಟ್ಟಿದ್ದರೆ ಜಾರಿ ಬಿದ್ದಿರುತ್ತಿತ್ತು. ದೊಡ್ಡ ಹಂಡೆ, ಕೊಳಗಗಳ ಅಂಚಿನಲ್ಲೂ ಹೀಗೆ ತಂತಿ ಇರುವುದುಂಟು. ಮ್ಯಾಗ್ನೆಟ್ ಪರೀಕ್ಷೆ ಸುಳ್ಳಲ್ಲ, ಆದರೆ ಹೆಗಲು, ಹೊಟ್ಟೆ, ತಳ, ಹೀಗೆ ಒಂಟಿ ತಗಡು ಇರುವಲ್ಲಿ ಮಾಡಬೇಕು. ಇಲ್ಲಿ ನನ್ನನ್ನು ಹೆಚ್ಚು ಚುಚ್ಚುವುದು ಇನ್ನೊಂದು ಸಂಗತಿ: ಹೊಸ ಬಿಂದಿಗೆಗೆ ಮ್ಯಾಗ್ನೆಟ್ ಇಟ್ಟು ನೋಡಲು ನಾನು ಹೇಳಲೇ ಇಲ್ಲ. ಮಾಸಿದ್ದನ್ನು ಅನುಮಾನಿಸಿದೆ, ಹೊಳೆಯುವುದನ್ನು ನಂಬಿದೆ.

ಹೊಳಪಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಫೋಟೋದಲ್ಲಿ ಹೊಸ ಬಿಂದಿಗೆ ಆಳವಾದ ಕೆಂಪು ಕಿತ್ತಳೆಯಾಗಿ ಕಾಣುತ್ತಿತ್ತು. ಹಳೆಯದು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು, ಮಂಕು ಕಂದು. ಬಣ್ಣ ನೋಡಿ ನಾನು ಹೋಲಿಸಿದ್ದು ಲೋಹಗಳನ್ನಲ್ಲ, ದೀಪಗಳನ್ನು. ಪಾತ್ರೆ ಅಂಗಡಿಗಳು ಹಳದಿ ಬೆಳಕಿನ ದೀಪ ಹಾಕುವುದು ಸಾಮಾನ್ಯ; ಆ ಬೆಳಕಿನಲ್ಲಿ ಹಿತ್ತಾಳೆ ಚಿನ್ನವಾಗುತ್ತದೆ, ತಾಮ್ರ ಕೆಂಡವಾಗುತ್ತದೆ. ಫೋನು ಕೂಡ ಬೆಳಕಿನ ಬಣ್ಣವನ್ನು ತನಗೆ ತೋಚಿದಂತೆ ಸರಿಪಡಿಸಿಬಿಡುತ್ತದೆ. ಹೊಳೆಯುವ ಪಾತ್ರೆಗಳನ್ನು ಸಾಲಾಗಿ ಒತ್ತೊತ್ತಿ ಇಟ್ಟರೆ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಎಲ್ಲವೂ ಮತ್ತಷ್ಟು ಕೆಂಪಾಗುತ್ತವೆ. ತಾಮ್ರದ ಚೊಂಬಿನ ಒಳಗು ಹೊರಗಿಗಿಂತ ಕೆಂಪಾಗಿ ಕಾಣುವುದೂ ಇದೇ ಕಾರಣಕ್ಕೆ. ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿದು ಪುಟಿದು ಹೊರಬರುವಾಗ ಪ್ರತಿ ಸಲವೂ ನೀಲಿ ಹಸಿರು ಕಳೆದುಕೊಳ್ಳುತ್ತದೆ.

ಬೆಳಕು ಸರಿಯಿದ್ದರೂ ಬಣ್ಣ ಹೇಳುವುದಕ್ಕೆ ಒಂದು ಮಿತಿಯಿದೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ. ನೂರಕ್ಕೆ ಮೂವತ್ತು ಭಾಗ ಸತು ಇದ್ದರೆ ನಮಗೆ ಪರಿಚಯದ ಹಳದಿ. ಆದರೆ ಸತು ತೀರ ಕಡಿಮೆ ಇದ್ದರೆ ಅದು ಇನ್ನೂ ಹೆಚ್ಚುಕಡಿಮೆ ತಾಮ್ರದಂತೆಯೇ ಕೆಂಪಗಿರುತ್ತದೆ. ಆದ್ದರಿಂದ ‘ತಾಮ್ರದ ಬಣ್ಣ’ ಎನ್ನಬಹುದು, ‘ಶುದ್ಧ ತಾಮ್ರ’ ಎಂದು ಬಣ್ಣ ನೋಡಿ ಯಾರೂ ಹೇಳಲಾರರು. ಹಿತ್ತಾಳೆಯಲ್ಲಿ ಇದರ ಉಲ್ಟಾ ಆಗುತ್ತದೆ. ಹಿತ್ತಾಳೆ ಪಾತ್ರೆಯನ್ನು ಹುಣಸೆಹುಳಿಯಲ್ಲಿ ಬಹಳ ಹೊತ್ತು ನೆನೆಹಾಕಿದರೆ ಮೇಲ್ಮೈಯ ಸತು ಕರಗಿ ಹೋಗಿ ಅಲ್ಲಲ್ಲಿ ಗುಲಾಬಿ ಮಚ್ಚೆ ಬೀಳುತ್ತದೆ. ಅದನ್ನು ನೋಡಿ ತಾಮ್ರದ ಮೇಲೆ ಹಿತ್ತಾಳೆಯ ಲೇಪ ಎಂದು ಗಾಬರಿಯಾದವರ ಫೋಟೋವೂ ನನಗೆ ಬಂದಿದೆ. ಅಂಥ ಮಚ್ಚೆ ಪಾಲಿಶ್ ಮಾಡಿದರೆ ಮಾಯವಾಗಿ ಕೆಳಗಿನ ಹಳದಿ ಬರುತ್ತದೆ. ಲೇಪ ಸವೆದಿದ್ದರೆ ಪಾಲಿಶ್ ಮಾಡಿದಷ್ಟೂ ಬೇರೆ ಬಣ್ಣದ ಜಾಗ ದೊಡ್ಡದಾಗುತ್ತದೆ.

ಈಗ ಯಾರಾದರೂ ಫೋಟೋ ಕಳಿಸುತ್ತೇನೆ ಎಂದರೆ ನಾನು ಮೊದಲು ಹೇಳುವುದು, ಹಗಲು ಹೊತ್ತಿನಲ್ಲಿ ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ ಇಟ್ಟು ತೆಗೆಯಿರಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಮತ್ತು ಕರೆಂಟಿನ ತಾಮ್ರದ ವೈರಿನ ಒಂದು ತುಂಡು ಇರಲಿ ಎಂದು. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು ಒಳಗಿನ ತಂತಿಯನ್ನು ಬ್ಲೇಡಿನಿಂದ ಹೆರೆಯಬೇಕು. ಕರೆಂಟಿಗೆ ಬಳಸುವ ತಾಮ್ರ 99.9ರಷ್ಟು ಶುದ್ಧ; ಸ್ವಲ್ಪ ಬೇರೆ ಲೋಹ ಬೆರೆತರೂ ಅದರಲ್ಲಿ ವಿದ್ಯುತ್ ಹರಿಯುವುದು ಕಡಿಮೆಯಾಗುತ್ತದೆ. ಹಾಗೆಯೇ ಪಾತ್ರೆಯ ಒಂದು ಚದರಂಗುಲ ಜಾಗವನ್ನೂ ತಿಕ್ಕಿ ಹೊಸ ಮೈ ತೆಗೆದಿರಬೇಕು. ಒಂದೇ ಬೆಳಕಿನಲ್ಲಿ, ಒಂದೇ ಫೋಟೋದಲ್ಲಿ ಎರಡೂ ಇದ್ದರೆ ಫೋನು ಬಣ್ಣ ತಿರುಚಿದರೂ ಎರಡನ್ನೂ ಒಂದೇ ರೀತಿ ತಿರುಚುತ್ತದೆ.

ಇನ್ನು ಮುದ್ರೆ. ಹೊಸ ಬಿಂದಿಗೆಯ ತಳದಲ್ಲಿ ದುಂಡಗಿನ ಮುದ್ರೆ ಇತ್ತು, ಅದರೊಳಗೆ ‘ಶುದ್ಧ ತಾಮ್ರ 99.9’ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರು. ಅದನ್ನು ನಾನು ಬಂಗಾರದ ಹಾಲ್‌ಮಾರ್ಕಿನಂತೆ ಓದಿದೆ. ನಮ್ಮ ದೇಶದಲ್ಲಿ ಹಾಲ್‌ಮಾರ್ಕ್ ಇರುವುದು ಚಿನ್ನಕ್ಕೆ ಮತ್ತು ಬೆಳ್ಳಿಗೆ. ತಾಮ್ರದ ಬಿಂದಿಗೆಯ ತಳದಲ್ಲಿ ಏನು ಒತ್ತಿದ್ದರೂ ಅದು ಮಾಡಿದವರ ಮಾತು, ಬೇರೆ ಯಾರೂ ಪರೀಕ್ಷಿಸಿ ಒತ್ತಿದ್ದಲ್ಲ. ಮುದ್ರೆಯಲ್ಲಿ ಓದಬೇಕಾದದ್ದು ಅಕ್ಷರಗಳನ್ನಲ್ಲ, ಅಕ್ಷರಗಳ ಗುಂಡಿಗಳನ್ನು. ಆ ಫೋಟೋವನ್ನು ಈಗ ದೊಡ್ಡದು ಮಾಡಿ ನೋಡಿದರೆ ಅಕ್ಷರಗಳ ಅಂಚು ಮೊಂಡಾಗಿದೆ, ಗುಂಡಿಯ ತಳವೂ ಅಂಚೂ ಹೊರಮೈಯೂ ಒಂದೇ ಬಣ್ಣ, ಒಂದೇ ಹೊಳಪು. ಮುದ್ರೆ ಒತ್ತಿದ ಮೇಲೆ ಲೇಪ ಬಿದ್ದಿದೆ, ಲೇಪ ಅಕ್ಷರಗಳ ಒಳಗೂ ಇಳಿದಿದೆ. ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು, ಪಾಲಿಶ್ ಚಕ್ರವೂ ಅಂಚನ್ನು ಮೊಂಡಾಗಿಸುತ್ತದೆ. ಆದರೆ ಅನುಮಾನ ಹುಟ್ಟಬೇಕಿತ್ತು.

ಹಳೆಯ ಬಿಂದಿಗೆಯ ಹೆಗಲ ಮೇಲೆ ಅತ್ತಿಗೆಯ ತಾಯಿಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಬಡಿದು ಕೊರೆಸಿದ್ದರು. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಗಳಿಗೆಲ್ಲ ಅಂಗಡಿಯಲ್ಲೇ ಹೀಗೆ ಹೆಸರು ಹಾಕಿಸುತ್ತಿದ್ದರು. ಸಾಬರು ಹೇಳಿದ ಮೇಲೆ ಆ ಚುಕ್ಕಿಗಳನ್ನು ನೋಡಿದೆ. ಪ್ರತಿ ಚುಕ್ಕಿಯ ತಳವೂ ತಾಮ್ರದ ಬಣ್ಣವೇ, ಸುತ್ತ ಒಂದಿಷ್ಟು ಕಪ್ಪು. ಪಾತ್ರೆ ತಯಾರಾದ ಮೇಲೆ ಬೀಳುವ ಉಳಿಯ ಏಟು ತೆಳುವಾದ ಲೇಪವನ್ನು ಸೀಳುತ್ತದೆ. ಕೆಳಗೆ ಕಬ್ಬಿಣವಿದ್ದಿದ್ದರೆ ಇಷ್ಟು ವರ್ಷಗಳಲ್ಲಿ ಪ್ರತಿ ಚುಕ್ಕಿಯೂ ತುಕ್ಕಿನ ಗೂಡಾಗಿರುತ್ತಿತ್ತು. ಅವರ ತಾಯಿಯ ಹೆಸರೇ ಆ ಪಾತ್ರೆಗೆ ಸಾಕ್ಷಿ ನಿಂತಿತ್ತು. ನಾನು ಅದನ್ನು ಬರೀ ಹೆಸರು ಎಂದು ಓದಿ ಮುಂದೆ ಹೋಗಿದ್ದೆ.

ಲೇಪದ ಪಾತ್ರೆಗೆ ಒಂದು ಜಾಗದಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದು ಒಳಗಿನ ತಳ. ವಿದ್ಯುತ್ತಿನಿಂದ ಲೇಪ ಕೊಡುವಾಗ ಪಾತ್ರೆಯನ್ನು ದ್ರಾವಣದಲ್ಲಿ ತೂಗುಹಾಕಿ ಸುತ್ತ ತಾಮ್ರದ ಪಟ್ಟಿಗಳನ್ನು ಇಡುತ್ತಾರೆ. ವಿದ್ಯುತ್ ಹರಿಯುವುದು ಹತ್ತಿರದ, ಎದುರಿಗಿರುವ ಮೈಗೆ. ಉಬ್ಬಿದ ಹೊಟ್ಟೆಗೆ, ಅಂಚಿಗೆ ತಾಮ್ರ ದಪ್ಪವಾಗಿ ಕೂರುತ್ತದೆ. ಕಿರಿದಾದ ಕಂಠ ದಾಟಿ ಒಳಗಿನ ತಳಕ್ಕೆ ತಲುಪುವುದು ಬಹಳ ಕಡಿಮೆ. ಒಳಗೆ ಬೇರೆಯಾಗಿ ಪಟ್ಟಿ ಇಳಿಸಿದರೆ ಮಾತ್ರ ಅಲ್ಲಿ ಲೇಪ ಚೆನ್ನಾಗಿ ಬೀಳುತ್ತದೆ. ಅಗ್ಗದ ಕೆಲಸದಲ್ಲಿ ಆ ಖರ್ಚು ಯಾರು ಮಾಡುತ್ತಾರೆ? ಅತ್ತಿಗೆಯ ಹೊಸ ಬಿಂದಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಂಠದ ಒಳಗೆ ನಾಲ್ಕು ಬೆರಳಿನಷ್ಟು ಕೆಂಪಿತ್ತು, ಅಲ್ಲಿಂದ ಕೆಳಗೆ ಬಣ್ಣ ತಿಳಿಯಾಗುತ್ತಾ ತಳದಲ್ಲಿ ಬೂದಿಬಣ್ಣಕ್ಕೆ ತಿರುಗಿತ್ತು. ನೀರು ತುಂಬಿಡುವ ಪಾತ್ರೆಯಾದ್ದರಿಂದ ಯಾರೂ ಬಗ್ಗಿ ನೋಡಿರಲಿಲ್ಲ. ಅಂಗಡಿಯವರು ಕಳಿಸಿದ ಫೋಟೋಗಳಲ್ಲಿ ಹೊರಗಿನ ನಾಲ್ಕೂ ಮಗ್ಗುಲು ಇದ್ದವು, ಒಳಗು ಒಂದರಲ್ಲೂ ಇರಲಿಲ್ಲ.

ಆದರೆ ಒಳಗೆ ಬಿಳಿಯಿದ್ದ ಮಾತ್ರಕ್ಕೆ ಮೋಸ ಎಂದುಕೊಳ್ಳಬಾರದು. ಹಿತ್ತಾಳೆಯ ಕೊಳಗ, ತಪ್ಪಲೆಗಳಿಗೆ ಹುಳಿ ಪದಾರ್ಥ ಕಿಲುಬದಿರಲೆಂದು ತವರದ ಕಲಾಯಿ ಹಾಕಿಸುತ್ತೇವೆ. ಕಲಾಯಿಯ ಬಿಳಿ ಮೆತ್ತಗಿನ ಬಿಳಿ; ಬಿಸಿ ಪಾತ್ರೆಯಲ್ಲಿ ಹತ್ತಿಯಿಂದ ಒರೆಸಿದ ಗೀರುಗಳು ಅದರಲ್ಲಿ ಉಳಿದಿರುತ್ತವೆ, ಬಾಯಿಯ ಹತ್ತಿರ ಅಂಚು ಏರುಪೇರಾಗಿ ಮುಗಿಯುತ್ತದೆ. ಒಳಗೆ ಸ್ಟೀಲು ಹೊರಗೆ ತಾಮ್ರದ ಲೇಪ ಇರುವ ಹೋಟೆಲ್ಲಿನ ಪಾತ್ರೆಗಳಲ್ಲಿ ಆ ಗಡಿ ದಾರ ಹಿಡಿದು ಎಳೆದಷ್ಟು ಸಮ, ಒಳಗೆ ಲೇತಿನ ಸುತ್ತುಗಳು ಕಾಣುತ್ತವೆ. ಸ್ಟೀಲಿನಲ್ಲಿ ಮ್ಯಾಗ್ನೆಟ್ ಅಂಟದ ಬಗೆಗಳೂ ಇರುವುದರಿಂದ ಅಲ್ಲಿ ಮ್ಯಾಗ್ನೆಟ್ ಒಂದನ್ನೇ ನಂಬಿ ಕೂರಬಾರದು.

ತೂಕದ ವಿಷಯದಲ್ಲಿ ನಾನು ಮಾಡಿದ ತಪ್ಪು ಎಲ್ಲಕ್ಕಿಂತ ನಾಚಿಕೆಯದು, ಏಕೆಂದರೆ ಲೆಕ್ಕ ನನಗೆ ಬರುತ್ತಿತ್ತು. ಅಂಗಡಿಯ ತಕ್ಕಡಿಯ ಫೋಟೋದಲ್ಲಿ ಹೊಸ ಬಿಂದಿಗೆ 1.6 ಕಿಲೋ ತೂಗುತ್ತಿತ್ತು. ‘ಇಷ್ಟು ಭಾರ ಇದೆಯಲ್ಲ, ತಾಮ್ರವೇ’ ಎಂದು ಬರೆದಿದ್ದೆ. ಈಗ ಲೆಕ್ಕ ಹಾಕಿ ನೋಡೋಣ. ಹೊಟ್ಟೆಯ ಅಡ್ಡಳತೆ ಸುಮಾರು 24 ಸೆಂಟಿಮೀಟರ್. ಚೆಂಡಿನ ಆಕಾರ ಎಂದಿಟ್ಟುಕೊಂಡರೆ ಮೈಯ ವಿಸ್ತೀರ್ಣ 1,800 ಚದರ ಸೆಂಟಿಮೀಟರಿನಷ್ಟು, ಕಂಠವೂ ಸೇರಿದರೆ ಅಂದಾಜು 2,000. ತಗಡಿನ ದಪ್ಪ 0.9 ಮಿಲಿಮೀಟರ್ ಆದರೆ ಲೋಹದ ಗಾತ್ರ 180 ಘನ ಸೆಂಟಿಮೀಟರ್. ತಾಮ್ರದ ಸಾಂದ್ರತೆ 8.96, ತೂಕ 1.61 ಕಿಲೋ. ಸರಿಹೋಯಿತು. ಆದರೆ ತಗಡು ಕಬ್ಬಿಣದ್ದಾಗಿ ದಪ್ಪ 1 ಮಿಲಿಮೀಟರ್ ಆದರೆ? ಗಾತ್ರ 200, ಸಾಂದ್ರತೆ 7.85, ತೂಕ 1.57 ಕಿಲೋ. ಅದೂ ಸರಿಹೋಯಿತು. ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ ಹೆಚ್ಚಾದರೆ ಕಬ್ಬಿಣವೂ ತಾಮ್ರದಷ್ಟೇ ತೂಗುತ್ತದೆ. ಫೋಟೋದಲ್ಲಿ ಆ ದಪ್ಪ ಯಾರ ಕಣ್ಣಿಗೂ ಕಾಣದು, ಅದರಲ್ಲೂ ಅಂಚು ಸುರುಳಿಯಾಗಿದ್ದಾಗ. ಅಲ್ಯೂಮಿನಿಯಂ ಆದರೆ ತೂಕದಲ್ಲಿ ಸಿಕ್ಕಿಬೀಳುತ್ತದೆ, ಸಾಂದ್ರತೆ 2.7 ಮಾತ್ರ. ಕಬ್ಬಿಣ ಸಿಕ್ಕಿಬೀಳುವುದಿಲ್ಲ.

ತೂಕ ಮಾತಾಡಬೇಕಾದರೆ ಪಾತ್ರೆ ನೀರಿಗಿಳಿಯಬೇಕು. ಅತ್ತಿಗೆಯ ಮನೆಯಲ್ಲಿ ಅದನ್ನೂ ಮಾಡಿದೆವು. ಐದು ಗ್ರಾಂ ವ್ಯತ್ಯಾಸ ತೋರಿಸುವ ಕೊಕ್ಕೆಯ ತಕ್ಕಡಿಗೆ ಬಿಂದಿಗೆಯನ್ನು ತೆಳುವಾದ ದಾರದಲ್ಲಿ ಕಟ್ಟಿ, ದೊಡ್ಡ ಡ್ರಮ್ಮಿನ ನೀರಿನಲ್ಲಿ ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಬೇಕು. ಒಳಗೆ ಗಾಳಿ ನಿಲ್ಲದಂತೆ ಮೊದಲು ಓರೆಯಾಗಿ ಇಳಿಸಿ ತುಂಬಿಸಬೇಕು. ತಾಮ್ರವಾಗಿದ್ದರೆ 1.6 ಕಿಲೋದ ಪಾತ್ರೆ ನೀರಿನಲ್ಲಿ 179 ಗ್ರಾಂ ಕಡಿಮೆ ತೂಗಬೇಕು, ಹಿತ್ತಾಳೆಯಾಗಿದ್ದರೆ 188ರ ಹತ್ತಿರ, ಕಬ್ಬಿಣವಾಗಿದ್ದರೆ 204. ನಮ್ಮದು 205 ಗ್ರಾಂ ಕಡಿಮೆಯಾಯಿತು. 1,600ನ್ನು 205ರಿಂದ ಭಾಗಿಸಿದರೆ 7.8. ಅತ್ತಿಗೆ ಪಕ್ಕದಲ್ಲೇ ನಿಂತಿದ್ದರು. ‘ಅಂದರೆ ಕಬ್ಬಿಣ ತಾನೇ?’ ಎಂದರು. ‘ಹೌದು ಅತ್ತಿಗೆ’ ಎಂದೆ. ಅವರು ಬೈಯಲಿಲ್ಲ. ‘ಹಳೇದನ್ನೂ ಹೀಗೇ ನೀರಲ್ಲಿ ಮುಳುಗಿಸಿ ನೋಡಬಹುದಿತ್ತಲ್ಲವೇ?’ ಎಂದಷ್ಟೇ ಕೇಳಿದರು. ನೋಡಬಹುದಿತ್ತು. ಈ ಪರೀಕ್ಷೆಯಿಂದ ತಾಮ್ರವನ್ನು ಕಬ್ಬಿಣದಿಂದ ಬೇರ್ಪಡಿಸಬಹುದು. ತಾಮ್ರವನ್ನು ಹಿತ್ತಾಳೆಯಿಂದ ಬೇರ್ಪಡಿಸಲು ಮನೆಯ ತಕ್ಕಡಿ ಸಾಲದು. ಎರಡರ ನಡುವೆ ಇರುವುದು ಒಂಬತ್ತು ಗ್ರಾಂ, ಅಂಚಿನ ಸುರುಳಿಯಲ್ಲಿ ಸಿಕ್ಕಿಕೊಂಡ ಗಾಳಿಯೇ ಅಷ್ಟು ತಿಂದುಬಿಡುತ್ತದೆ.

ಫೋಟೋದಲ್ಲಿಲ್ಲದ, ಆದರೆ ಎಲ್ಲರೂ ನೋಡಬಹುದಾದ ಒಂದು ಗುರುತು ದರ. ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಹಿಂದಿನಿಂದಲೂ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಹೊಸ ಬಿಂದಿಗೆಯನ್ನು ಒಂದಕ್ಕೆ ಇಷ್ಟು ಎಂದು ಮಾರಿದ್ದರು. ಆ ಬೆಲೆಯನ್ನು 1.6ರಿಂದ ಭಾಗಿಸಿ, ಅದೇ ದಿನ ಗುಜರಿಯಲ್ಲಿ ಹಳೆಯ ತಾಮ್ರಕ್ಕೆ ಏನು ಕೊಡುತ್ತಾರೆ ಎಂದು ಕೇಳಿದ್ದರೆ ಸಾಕಿತ್ತು. ಹೊಸ ಪಾತ್ರೆಯ ಕಿಲೋ ದರ ಗುಜರಿ ದರಕ್ಕಿಂತ ಕಡಿಮೆಯಿತ್ತು. ಚೂರು ತಾಮ್ರಕ್ಕಿಂತ ಕಡಿಮೆಗೆ ಯಾರೂ ತಾಮ್ರ ಕರಗಿಸಿ, ತಗಡು ಎಳೆದು, ಬಿಂದಿಗೆ ಮಾಡಿ ಲಾಭಕ್ಕೆ ಮಾರಲು ಸಾಧ್ಯವಿಲ್ಲ.

ಅಂಗಡಿಗೆ ವಾಪಸ್ಸು ತೆಗೆದುಕೊಂಡು ಹೋದಾಗ ಬಿಲ್ಲು ತೋರಿಸಿದೆವು. ಅದರಲ್ಲಿ ‘ಕೊಡ, 1’ ಎಂದಿತ್ತು. ತಾಮ್ರ ಎಂಬ ಮಾತೇ ಇರಲಿಲ್ಲ. ತಳದ ಮುದ್ರೆ ತೋರಿಸಿದರೆ, ಅದು ನಮ್ಮದಲ್ಲ, ಕಳಿಸಿದವರು ಹಾಕಿದ್ದು ಎಂದರು. ಬಹಳ ಹೊತ್ತು ವಾದ ನಡೆದ ಮೇಲೆ ಬದಲಿಗೆ ಸ್ಟೀಲಿನ ಪಾತ್ರೆ ಕೊಡುತ್ತೇವೆ ಎಂದರು. ಅತ್ತಿಗೆ ಬೇಡವೆಂದರು.

ಈಗಲೂ ನೆಂಟರು, ಹಳೆಯ ವಿದ್ಯಾರ್ಥಿಗಳು ಫೋಟೋ ಕಳಿಸುತ್ತಾರೆ. ಫೋಟೋ ನೋಡಿ ‘ಇದು ನಕಲಿ’ ಎಂದು ಕೆಲವು ಸಲ ಹೇಳಲು ಬರುತ್ತದೆ: ಉಜ್ಜಿಹೋದ ತಳದ ಅಂಚಿನಲ್ಲಿ ಬೂದಿಬಣ್ಣ, ತಗ್ಗಿನಲ್ಲಿ ತುಕ್ಕು, ಒಳಗೆ ಮಾಯವಾಗುವ ಕೆಂಪು. ‘ಇದು ಅಸಲಿ’ ಎಂದು ಫೋಟೋ ನೋಡಿ ಹೇಳುವುದನ್ನು ಬಿಟ್ಟಿದ್ದೇನೆ. ಹಳೆಯ ಪಾತ್ರೆಯಾದರೆ, ಮಾರುವ ಯೋಚನೆಯನ್ನು ಒಂದು ವಾರ ಮುಂದೂಡಿ ಮೊದಲು ಸಾಬರಂಥವರಿಗೆ ಕೈಯಲ್ಲಿ ಕೊಟ್ಟು ತೋರಿಸಿ ಎನ್ನುತ್ತೇನೆ. ಅವರು ತಳದ ಅಂಚಿನಲ್ಲಿ ಅರದಿಂದ ಒಂದು ಸಣ್ಣ ಗೀರು ಹಾಕುತ್ತಾರೆ. ಗೀರಿನ ಆಳದವರೆಗೂ ಕೆಂಪಿದ್ದರೆ ತಾಮ್ರ, ಹಳದಿಯಿದ್ದರೆ ಹಿತ್ತಾಳೆ, ಬಿಳಿ ಬಂದರೆ ಬೇರೆ ಏನೋ. ಬಂಗಾರ ಪರೀಕ್ಷಿಸುವ ಎಕ್ಸ್‌ರೇ ಯಂತ್ರದಲ್ಲಿ ನೋಡಿಸುವುದಾದರೂ ಮೊದಲು ಆ ಗೀರು ಬೇಕು. ಯಂತ್ರ ಮೇಲಿನ ತೆಳುವಾದ ಪದರವನ್ನಷ್ಟೇ ಓದುವುದರಿಂದ ದಪ್ಪ ಲೇಪವಿದ್ದರೆ ಅದೂ ತಾಮ್ರ ಎಂದೇ ತೋರಿಸೀತು.

ಕಳೆದ ದೀಪಾವಳಿಗೆ ಅತ್ತಿಗೆ ಮತ್ತೆ ಒಂದು ಬಿಂದಿಗೆ ತೆಗೆದುಕೊಂಡರು. ಈ ಸಲ ಫೋಟೋ ಕಳಿಸಲಿಲ್ಲ, ನನ್ನನ್ನೇ ಜೊತೆಗೆ ಕರೆದುಕೊಂಡು ಹೋದರು. ಹೊಟ್ಟೆಯ ಮೇಲೆ ಹಳದಿ ಗೆರೆಯಿದ್ದ, ಸ್ವಲ್ಪ ಮಾಸಿದ ಒಂದನ್ನು ಅಂಗಡಿಯವರು ಮೂಲೆಯಲ್ಲಿಟ್ಟಿದ್ದರು. ಅತ್ತಿಗೆ ತಾವೇ ಟಾರ್ಚ್ ಬಿಟ್ಟು ಒಳಗು ನೋಡಿದರು, ಹೆಗಲ ಮೇಲೆ ಮ್ಯಾಗ್ನೆಟ್ ಇಟ್ಟರು, ತಳಕ್ಕೆ ಗೀರು ಹಾಕಲು ಅಂಗಡಿಯವರನ್ನು ಒಪ್ಪಿಸಿದರು. ಕೊನೆಗೆ ಬಿಲ್ಲಿನಲ್ಲಿ ಲೋಹ ತಾಮ್ರ, ತೂಕ ಇಷ್ಟು, ಕಿಲೋಗೆ ದರ ಇಷ್ಟು ಎಂದು ಮೂರನ್ನೂ ಬರೆಸಿ, ಸಹಿ ಹಾಕಿಸಿಕೊಂಡೇ ದುಡ್ಡು ಕೊಟ್ಟರು.